ಬ್ರೇಕ್‌ಔಟ್, ಪುಲ್‌ಬ್ಯಾಕ್, ರಿವರ್ಸಲ್: ನನ್ನ ಟ್ರೇಡ್ ಲಾಗ್‌ನಲ್ಲಿ ದುಡಿದಿದ್ದು ಯಾವುದು?

ಟ್ರೇಡ್ ಲಾಗ್‌ನ ಕೊನೆಯ ಸಾಲಿನಲ್ಲಿ ಒಟ್ಟು ಲಾಭ ಕಾಣುತ್ತದೆ. ಅದು ಯಾವ ಸೆಟಪ್‌ನಿಂದ ಬಂತು ಅನ್ನೋದು ಕಾಣುವುದಿಲ್ಲ. ಒಂದು ಸೆಟಪ್ ದುಡಿದದ್ದನ್ನು ಇನ್ನೊಂದು ತಿನ್ನುತ್ತಿದ್ದರೂ ಒಟ್ಟು ಮೊತ್ತ ನೋಡಿದರೆ ಗೊತ್ತಾಗುವುದೇ ಇಲ್ಲ. ಅದಕ್ಕೇ ಲಾಗನ್ನು ಸೆಟಪ್ ಪ್ರಕಾರ ಗುಂಪು ಮಾಡಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ನಾನು ಮಾಡುವುದು ಈ ಮೂರೇ. ಬೆಲೆ ಒಂದು ರೇಂಜ್‌ನ ಮೇಲಿನ ಗೆರೆ ದಾಟಿದಾಗ ಕೊಳ್ಳುವುದು ಬ್ರೇಕ್‌ಔಟ್. ಏರುತ್ತಿರುವ ಬೆಲೆ ಸ್ವಲ್ಪ ಇಳಿದು ಮತ್ತೆ ಮೇಲೆ ತಿರುಗಿದಾಗ ಕೊಳ್ಳುವುದು ಪುಲ್‌ಬ್ಯಾಕ್. ಜೋರಾಗಿ ಬಿದ್ದದ್ದು ಇನ್ನು ಏಳುತ್ತದೆ ಅಂತ ಟ್ರೆಂಡ್‌ಗೆ ಎದುರಾಗಿ ಕೊಳ್ಳುವುದು ರಿವರ್ಸಲ್. ಶಾರ್ಟ್ ಮಾಡುವಾಗ ಇವೆಲ್ಲ ಉಲ್ಟಾ.

ಹೋಲಿಸೋಕೆ ಮೊದಲು ಎಲ್ಲ ಟ್ರೇಡ್‌ಗೂ ಒಂದೇ ಅಳತೆ ಬೇಕು. ಹಣದಲ್ಲಿ ಹೋಲಿಸಿದರೆ ಜಾಸ್ತಿ ಕ್ವಾಂಟಿಟಿ ಹಾಕಿದ ಟ್ರೇಡ್ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಆರ್ ಲೆಕ್ಕ ಹಿಡಿದೆ. ಎಂಟ್ರಿ ಬೆಲೆಗೂ ಮೊದಲಿಗೆ ಇಟ್ಟ ಸ್ಟಾಪ್‌ಲಾಸ್‌ಗೂ ಇರುವ ಅಂತರವೇ 1 ಆರ್. ಅದರ ಎರಡರಷ್ಟು ಗಳಿಸಿದರೆ 2 ಆರ್, ಸ್ಟಾಪ್ ಹೊಡೆದರೆ ಮೈನಸ್ 1. ಶೀಟ್‌ನಲ್ಲಿ B ಕಾಲಂ ಸೆಟಪ್, C ಎಂಟ್ರಿ, D ಮೊದಲ ಸ್ಟಾಪ್, E ಎಕ್ಸಿಟ್. F ಕಾಲಂನಲ್ಲಿ ಮೊದಲ ಸಾಲು, ಗುಂಪಿನ ಸರಾಸರಿಗೆ ಎರಡನೆಯದು:

```
=(E2-C2)/(C2-D2)
=AVERAGEIF(B:B,"ಪುಲ್‌ಬ್ಯಾಕ್",F:F)
```

ಮೊದಲ ಸೂತ್ರ ಶಾರ್ಟ್‌ಗೂ ಹಾಗೇ ನಡೆಯುತ್ತದೆ. 100ಕ್ಕೆ ಮಾರಿ, 102ಕ್ಕೆ ಸ್ಟಾಪ್ ಇಟ್ಟು, 96ಕ್ಕೆ ಹೊರಬಂದರೆ ಮೈನಸ್ 4 ಭಾಗಿಸು ಮೈನಸ್ 2, ಅಂದರೆ 2 ಆರ್. D ಕಾಲಂನಲ್ಲಿ ಮಾತ್ರ ಮೊದಲು ಇಟ್ಟ ಸ್ಟಾಪೇ ಇರಬೇಕು. ಆಮೇಲೆ ಸರಿಸಿದ ಸ್ಟಾಪ್ ಬರೆದರೆ ಇಡೀ ಲೆಕ್ಕ ಕೆಡುತ್ತದೆ.

ಹೋಲಿಕೆ ಸಮವಾಗಿರಲಿ ಅಂತ ಪ್ರತಿ ಗುಂಪಿನ ಕೊನೆಯ 40 ಟ್ರೇಡ್ ತೆಗೆದುಕೊಂಡೆ. ಬ್ರೋಕರೇಜ್ ಕಳೆಯುವ ಮುಂಚಿನ ಅಂಕಿಗಳಿವು:

| ಸೆಟಪ್ | ಗೆದ್ದದ್ದು | ಸರಾಸರಿ ಗೆಲುವು | ಸರಾಸರಿ ಸೋಲು | ಒಟ್ಟು |
|---|---|---|---|---|
| ರಿವರ್ಸಲ್ | 26 | 0.6 ಆರ್ | 1.3 ಆರ್ | −2.6 ಆರ್ |
| ಬ್ರೇಕ್‌ಔಟ್ | 14 | 2.1 ಆರ್ | 1 ಆರ್ | +3.4 ಆರ್ |
| ಪುಲ್‌ಬ್ಯಾಕ್ | 18 | 1.8 ಆರ್ | 1 ಆರ್ | +10.4 ಆರ್ |

ರಿವರ್ಸಲ್ ನೋಡಿ. ನೂರಕ್ಕೆ 65 ಸಲ ಗೆಲ್ಲುತ್ತದೆ, ಆದರೂ ಹಣ ಕಳೆಯುತ್ತದೆ. ಮಾಡುವಾಗ ಅತಿ ಹೆಚ್ಚು ಧೈರ್ಯ ಕೊಡುವ ಸೆಟಪ್ ಇದೇ, ಯಾಕಂದರೆ ಮೂರರಲ್ಲಿ ಎರಡು ಸಲ ಹಸಿರೇ ಕಾಣುತ್ತದೆ. ಟ್ರೆಂಡ್‌ಗೆ ಎದುರು ನಿಂತಿರುವುದರಿಂದ ಸ್ವಲ್ಪ ಲಾಭ ಕಂಡ ಕೂಡಲೇ ಕೈ ಎಕ್ಸಿಟ್ ಒತ್ತುತ್ತದೆ. ಹಾಗಾಗಿ ಗೆಲುವು 0.6 ಆರ್‌ಗೇ ನಿಲ್ಲುತ್ತದೆ. ಸೋಲಿನ ಕಾಲಂ ಇನ್ನೂ ಸ್ಪಷ್ಟ. ಸರಾಸರಿ ಸೋಲು 1 ಆರ್ ದಾಟಿದೆ ಅಂದರೆ ಸ್ಟಾಪ್ ಜಾಗದಲ್ಲಿ ಉಳಿದಿಲ್ಲ. ಒಂದೋ ಗ್ಯಾಪ್ ಆಗಿದೆ, ಇಲ್ಲವೇ ಕೈಯಾರೆ ಕೆಳಗೆ ಸರಿಸಿದ್ದು. ಎಕ್ಸಿಟ್‌ನ ಸಮಯ ಚಾರ್ಟ್‌ನಲ್ಲಿ ಹುಡುಕಿದರೆ ಯಾವುದು ಅಂತ ತಿಳಿಯುತ್ತದೆ. ನನ್ನ ಗುಂಪಿನಲ್ಲಿ ಹೆಚ್ಚಿನವು ಸರಿಸಿದವೇ.

ಸೋಲನ್ನು 1 ಆರ್‌ಗೆ ಕಟ್ಟಿಹಾಕಿದ್ದರೆ? 15.6ರಲ್ಲಿ 14 ಹೋಗಿ 1.6 ಆರ್ ಉಳಿಯುತ್ತಿತ್ತು ಅಂತ ಲೆಕ್ಕ ಹೇಳುತ್ತದೆ. ಆದರೆ ಈ ಲೆಕ್ಕ ನಂಬಬೇಡಿ. ಗೆದ್ದ 26ರಲ್ಲಿ ಕೆಲವು ಸ್ಟಾಪ್ ಸರಿಸಿದ್ದರಿಂದಲೇ ಬದುಕಿದ್ದು. ಸ್ಟಾಪ್ ಅಲ್ಲೇ ಇದ್ದಿದ್ದರೆ ಅವೂ ಸೋಲಿನ ಪಟ್ಟಿಗೆ ಬರುತ್ತಿದ್ದವು. ನಿಜ ತಿಳಿಯಲು ಪ್ರತಿ ಗೆಲುವಿನಲ್ಲೂ ಬೆಲೆ ಎಷ್ಟು ಕೆಳಗೆ ಹೋಗಿ ಬಂತು ಅಂತ ನೋಡಿ ಇನ್ನೊಂದು ಕಾಲಂ ತುಂಬಬೇಕು. ಬೇಸರದ ಕೆಲಸ, ಆದರೆ ಅದು ಬಿಟ್ಟು ಬೇರೆ ದಾರಿಯಿಲ್ಲ.

ಬ್ರೇಕ್‌ಔಟ್ ಲಾಭದಲ್ಲಿದೆ, ಅಲ್ವಾ? ಅತಿ ದೊಡ್ಡ ಒಂದು ಟ್ರೇಡ್ ತೆಗೆದು ಮತ್ತೆ ಕೂಡಿಸಿ ನೋಡಿ. ನನ್ನಲ್ಲಿ ಆ ಒಂದೇ ಟ್ರೇಡ್ 9 ಆರ್ ತಂದಿತ್ತು. ಅದಿಲ್ಲದೆ ಉಳಿದ 39 ಸೇರಿ 5.6 ಆರ್ ನಷ್ಟ. ಹಾಗಂತ ಬ್ರೇಕ್‌ಔಟ್ ಕೆಟ್ಟದ್ದು ಅನ್ನುವುದಿಲ್ಲ. ಸಣ್ಣಸಣ್ಣದಾಗಿ ಸೋತು ಅಪರೂಪಕ್ಕೆ ದೊಡ್ಡದು ಹಿಡಿಯುವುದೇ ಅದರ ಗುಣ. ಆ ದೊಡ್ಡದು ಎಷ್ಟು ಟ್ರೇಡ್‌ಗೆ ಒಮ್ಮೆ ಬರುತ್ತದೆ ಅನ್ನೋದನ್ನು 40 ಟ್ರೇಡ್ ಹೇಳಲಾರದು ಅಷ್ಟೇ. ಜೊತೆಗೆ ಬೆಲೆ ಓಡುತ್ತಿರುವಾಗ ಕೊಳ್ಳುವುದರಿಂದ ಸ್ಲಿಪೇಜ್ ಇಲ್ಲೇ ಜಾಸ್ತಿ. ಪ್ರತಿ ಟ್ರೇಡ್‌ಗೆ 0.1 ಆರ್ ಖರ್ಚು ಹಿಡಿದರೂ 40ಕ್ಕೆ 4 ಆರ್ ಆಯಿತು, ಕಂಡ ಲಾಭ ಪೂರ್ತಿ ಕರಗಿತು.

ಪುಲ್‌ಬ್ಯಾಕ್‌ನಲ್ಲೂ ಅದೇ ಪರೀಕ್ಷೆ ಮಾಡಿದೆ. ಅಲ್ಲಿ ಅತಿ ದೊಡ್ಡದು 4 ಆರ್. ತೆಗೆದರೂ 6.4 ಆರ್ ಉಳಿಯುತ್ತದೆ. ಅದೇ 0.1 ಆರ್ ಖರ್ಚು ಕಳೆದ ಮೇಲೂ ಲಾಭವೇ. ಅರ್ಧಕ್ಕಿಂತ ಕಮ್ಮಿ ಸಲ ಗೆಲ್ಲುವ ಈ ಸೆಟಪ್ಪೇ ನನ್ನ ಲಾಗನ್ನು ಹೊತ್ತು ನಿಂತಿದೆ.

ಇದರ ಮೇಲೂ ಪೂರ್ತಿ ನಂಬಿಕೆ ಇಟ್ಟಿಲ್ಲ. ಟ್ರೇಡ್‌ಗೆ ಸರಾಸರಿ 0.26 ಆರ್. ಆದರೆ ಒಂದೊಂದು ಟ್ರೇಡ್‌ನ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 1.4 ಆರ್. ಅದನ್ನು 40ರ ವರ್ಗಮೂಲದಿಂದ ಭಾಗಿಸಿದರೆ 0.22 ಬರುತ್ತದೆ, 40 ಟ್ರೇಡ್‌ನ ಸರಾಸರಿ ಬರೀ ಆಕಸ್ಮಿಕವಾಗಿಯೇ ಸುಮಾರು ಇಷ್ಟು ಅತ್ತಿತ್ತ ಆಗಬಹುದು. ನನ್ನ ಸರಾಸರಿ ಆಕಸ್ಮಿಕಕ್ಕಿಂತ ಸ್ವಲ್ಪವೇ ಮೇಲಿದೆ ಅಂತಾಯಿತು. ಇದೇ ಸರಾಸರಿ ನೂರಿಪ್ಪತ್ತು ಟ್ರೇಡ್‌ವರೆಗೂ ಉಳಿದರೆ ಮಾತು ಬೇರೆ.

ಹೆಸರನ್ನು ಯಾವಾಗ ಬರೆಯಬೇಕು ಅನ್ನೋದರಲ್ಲೂ ಎರಡು ದಾರಿ ಹೋಲಿಸಿದೆ. ದಿನದ ಕೊನೆಗೆ ಕುಳಿತು ಸೆಟಪ್ ಹೆಸರು ತುಂಬುವುದು ಸುಲಭ. ಆದರೆ ಆಗ ಫಲಿತಾಂಶ ಕಣ್ಣೆದುರೇ ಇರುತ್ತದೆ. ಗೆದ್ದದ್ದು ‘ಒಳ್ಳೆ ಪುಲ್‌ಬ್ಯಾಕ್’ ಆಗುತ್ತದೆ, ಅಂಥದ್ದೇ ಸೋತರೆ ‘ಇತರೆ’ ಗುಂಪಿಗೆ ಹೋಗುತ್ತದೆ. ‘ಇತರೆ’ ಗುಂಪಿನ ಸರಾಸರಿ ತುಂಬಾ ಕೆಟ್ಟದಾಗಿದ್ದು, ಹೆಸರಿರುವ ಗುಂಪುಗಳೆಲ್ಲ ಚೆನ್ನಾಗಿದ್ದರೆ ಇದೇ ನಡೆದಿದೆ ಅಂತ ಅನುಮಾನ ಪಡಿ. ಆರ್ಡರ್ ಹಾಕುವ ಮೊದಲೇ ಬರೆದರೆ ಈ ದಾರಿ ಮುಚ್ಚುತ್ತದೆ. ಮೇಲಿನ ಕೋಷ್ಟಕಕ್ಕೆ ಹಾಗೆ ಮೊದಲೇ ಬರೆದ ಹೆಸರುಗಳನ್ನಷ್ಟೇ ಬಳಸಿದ್ದೇನೆ.

ಇನ್ನೂ ಸಣ್ಣ ಗುಂಪು ಮಾಡೋಣ ಅಂತಲೂ ಅನ್ನಿಸುತ್ತದೆ. ಬೆಳಗಿನ ಪುಲ್‌ಬ್ಯಾಕ್, ಮಧ್ಯಾಹ್ನದ ಪುಲ್‌ಬ್ಯಾಕ್, ಮೊದಲ ಇಳಿತ, ಎರಡನೇ ಇಳಿತ. ಮಾಡಿ ನೋಡಿದೆ, ಒಂದೊಂದು ಗುಂಪಿಗೆ ಎಂಟು ಹತ್ತು ಟ್ರೇಡ್ ಬಂದವು. ಅಷ್ಟು ಚೂರು ಮಾಡಿದರೆ ಯಾವುದೋ ಒಂದು ಚೂರು ಸುಮ್ನೆ ಹೊಳೆದೇ ಹೊಳೆಯುತ್ತದೆ. ಅದಕ್ಕೇ ಆ ವಿವರಗಳನ್ನು ಬೇರೆ ಕಾಲಂನಲ್ಲಿ ಬರೆದಿಡುತ್ತೇನೆ, ಗುಂಪು ಮಾತ್ರ ಮೂರೇ.

ಈಗ ಪುಲ್‌ಬ್ಯಾಕ್‌ಗೆ ಪೂರ್ತಿ ರಿಸ್ಕ್ ಕೊಡುತ್ತೇನೆ. ಬ್ರೇಕ್‌ಔಟ್‌ಗೆ ಅರ್ಧ. ರಿವರ್ಸಲ್ ಸದ್ಯ ಪೇಪರ್ ಟ್ರೇಡ್ ಮಾತ್ರ, ಸ್ಟಾಪ್ ಸರಿಸದೆ. ಅದೇ ಶೀಟ್‌ನಲ್ಲಿ ಬೇರೆ ಹೆಸರಿನ ಗುಂಪಾಗಿ ಬರೆಯುತ್ತಿದ್ದೇನೆ, ಹಳೆಯ 40ರ ಜೊತೆ ಬೆರೆಯದಂತೆ.