ಫಾರೆಸ್ಟ್ ಪ್ಲಾಟ್ ದುಡ್ಡು ಕೊಟ್ಟು ಮಾಡಿಸುವವರೇ, ವೇಟ್ ಕಾಲಂ ಓದದೆ ಕ್ಯಾಪ್ಷನ್ ಒಪ್ಪಿಕೊಳ್ಳಬೇಡಿ

6,000 ರೂಪಾಯಿ ಹೋಯಿತು. ಅದು ಹೋಗಲಿ. ಸೆಮಿನಾರ್‌ನಲ್ಲಿ ಡಿಪಾರ್ಟ್‌ಮೆಂಟಿನ ಎಲ್ಲರ ಮುಂದೆ, ನನ್ನದೇ ಸ್ಲೈಡ್ ಮುಂದೆ, ಒಂದು ಸರಳ ಪ್ರಶ್ನೆಗೆ ಉತ್ತರ ಇಲ್ಲದೆ ನಿಂತೆನಲ್ಲ, ಅದು ಇನ್ನೂ ಮನಸ್ಸಿನಿಂದ ಹೋಗುತ್ತಿಲ್ಲ. ಪಿಜಿ ಮಾಡುತ್ತಿರುವ ಬೇರೆ ಯಾರಿಗೂ ಹೀಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಆ ಮನುಷ್ಯನ ಹೆಸರು ಹಾಕುವುದಿಲ್ಲ, ಇಂಥವರು ತುಂಬಾ ಜನ ಇದ್ದಾರೆ.

ನನಗೆ ಕೊಟ್ಟ ವಿಷಯ ಹಳೆಯದು. ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತನಾಳದ ಮೂಲಕ ಮೆಗ್ನೀಷಿಯಂ ಕೊಟ್ಟರೆ ಸಾವು ಕಡಿಮೆ ಆಗುತ್ತದಾ ಅನ್ನುವ ಟ್ರಯಲ್‌ಗಳನ್ನು ಸೇರಿಸಿ ಮೆಟಾ-ಅನಾಲಿಸಿಸ್ ಮಾಡಿ ತೋರಿಸಬೇಕಿತ್ತು. ಒಟ್ಟು 16 ಟ್ರಯಲ್. ಚಿಕ್ಕ ಚಿಕ್ಕ ಟ್ರಯಲ್‌ಗಳಲ್ಲಿ ಒಳ್ಳೆಯ ಲಾಭ ಕಾಣುತ್ತದೆ. 1992ರ ಲಿಮಿಟ್-2 ಮಧ್ಯಮ ಗಾತ್ರದ್ದು, 2,316 ಜನ. ಕೊನೆಗೆ 1995ರಲ್ಲಿ ಐಸಿಸ್-4 ಬಂತು, 58,050 ಜನ, ಅದರಲ್ಲಿ ಲಾಭ ಏನೂ ಕಾಣಲಿಲ್ಲ. ಡೇಟಾ ಎಲ್ಲ ಮೊದಲೇ ಪ್ರಕಟವಾಗಿದೆ. ನಾನೇ ಮಾಡಬಹುದಿತ್ತು. ಆದರೆ ಡ್ಯೂಟಿ ಮೇಲೆ ಡ್ಯೂಟಿ ಇತ್ತು, ಸೀನಿಯರ್ ಒಬ್ಬರು ನಂಬರ್ ಕೊಟ್ಟರು, "ಪ್ಲಾಟ್, ಕ್ಯಾಪ್ಷನ್, ರಿಸಲ್ಟ್ಸ್ ಪ್ಯಾರಾ ಎಲ್ಲ ಸೇರಿಸಿ ಕೊಡ್ತಾರೆ" ಅಂದರು. ಫೋನ್ ಮಾಡಿದೆ. ದುಡ್ಡು ಮೊದಲೇ ಕಳಿಸಿ ಅಂದರು, ಕಳಿಸಿದೆ.

ಮೂರನೇ ದಿನ ಫೈಲ್ ಬಂತು. ಪ್ಲಾಟ್ ನೋಡೋಕೆ ಚೆನ್ನಾಗಿಯೇ ಇತ್ತು: ಪ್ರತಿ ಟ್ರಯಲ್‌ಗೆ ಒಂದು ಸಾಲು, ಅದರ ಫಲಿತಾಂಶದ ಜಾಗದಲ್ಲಿ ಒಂದು ಚೌಕ, ಕೆಳಗೆ ಎಲ್ಲ ಸೇರಿಸಿದ ಅಂದಾಜಿಗೆ ಒಂದು ವಜ್ರ, ಬಲಕ್ಕೆ ಒಟ್ಟು ಅಂದಾಜಿನಲ್ಲಿ ಪ್ರತಿ ಟ್ರಯಲ್‌ನ ಪಾಲು ತೋರಿಸುವ ವೇಟ್ ಕಾಲಂ. ಕೆಳಗೆ ಕ್ಯಾಪ್ಷನ್: ಪ್ರತಿ ಚೌಕದ ಗಾತ್ರ ಆ ಅಧ್ಯಯನದ ಸ್ಯಾಂಪಲ್ ಸೈಜ್ ತೋರಿಸುತ್ತದೆ. ಪ್ಯಾರಾದಲ್ಲಿ ಇನ್ನೂ ದಿಟ್ಟವಾಗಿ: ಐಸಿಸ್-4 ಅತಿ ದೊಡ್ಡ ಅಧ್ಯಯನ ಆದ್ದರಿಂದ ಅದಕ್ಕೆ 93% ವೇಟ್ ಸಿಕ್ಕಿದೆ, ಒಟ್ಟು ಆಡ್ಸ್ ರೇಶಿಯೋ 0.48, ಹಾಗಾಗಿ ಫಲಿತಾಂಶ ಗಟ್ಟಿಯಾದದ್ದು. ಓದಿದೆ, ಸರಿ ಅನ್ನಿಸಿತು. ದೊಡ್ಡ ಟ್ರಯಲ್‌ಗೆ ಜಾಸ್ತಿ ವೇಟ್, ಅದರಲ್ಲಿ ತಪ್ಪೇನಿದೆ ಅಂದುಕೊಂಡೆ. ಹಾಗೇ ಸ್ಲೈಡಿಗೆ ಹಾಕಿದೆ.

ನಮ್ಮ ಗೈಡ್ ಮೇಡಂ ಲೇಸರ್ ತೆಗೆದುಕೊಂಡು ಐಸಿಸ್-4ರ ಚೌಕದ ಮೇಲೆ ಇಟ್ಟರು. ಅದು 1.06ರ ಹತ್ತಿರ ಇತ್ತು, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ 1ರ ಗೆರೆಯ ಬಲಕ್ಕೆ. ಆಮೇಲೆ ನಿಧಾನವಾಗಿ ಕೆಳಗಿನ ವಜ್ರಕ್ಕೆ ಬಂದರು. ಅದು 0.48, ದೂರದ ಎಡಕ್ಕೆ. "ನೂರರಲ್ಲಿ ತೊಂಬತ್ಮೂರು ಪಾಲು ಈ ಒಂದು ಚೌಕದ್ದೇ ಆಗಿದ್ರೆ ವಜ್ರ ಅದರ ಹತ್ತಿರ ಇರಬೇಕಲ್ವಾ? ಇಷ್ಟು ದೂರ ಹೇಗೆ ಹೋಯ್ತಮ್ಮ?" ಅಂತ ಕೇಳಿದರು. ನಾನು ಸುಮ್ಮನೆ ನಿಂತೆ. ಅವರು ಲೇಸರ್ ಇನ್ನೂ ಬಲಕ್ಕೆ ತಂದು ವೇಟ್ ಕಾಲಂ ಮೇಲೆ ಇಟ್ಟರು. ಅಲ್ಲಿ ಐಸಿಸ್-4ರ ಮುಂದೆ 17.1% ಅಂತ ಇತ್ತು. ನನ್ನ ಸ್ಲೈಡಿನಲ್ಲೇ. ಪ್ಲಾಟ್ ಒಂದು ಹೇಳುತ್ತಿದೆ, ಅದರ ಕೆಳಗೆ ನಾನು ಇನ್ನೊಂದು ಬರೆದಿದ್ದೇನೆ. ಆ ಕ್ಷಣ ನೆಲ ಬಾಯಿಬಿಡಬಾರದಾ ಅನ್ನಿಸಿತು.

ಅವತ್ತು ರಾತ್ರಿ ಕೂತು ನಾನೇ ಲೆಕ್ಕ ಮಾಡಿದೆ. ಮೊದಲೇ ಮಾಡಬೇಕಿತ್ತು.

ವೇಟ್ ಅಂದರೆ ಸ್ಯಾಂಪಲ್ ಸೈಜ್ ಅಲ್ಲ. ಈ ವಿಧಾನದಲ್ಲಿ ವೇಟ್ ಅಂದರೆ 1 ಭಾಗಿಸು ವೇರಿಯನ್ಸ್, ಅಂದರೆ ಅಂದಾಜು ಎಷ್ಟು ನಿಖರ ಅನ್ನುವ ಅಳತೆ. ಆಡ್ಸ್ ರೇಶಿಯೋದ ಲಾಗ್‌ಗೆ ವೇರಿಯನ್ಸ್ ಸಿಗುವುದು ನಾಲ್ಕು ಸಂಖ್ಯೆಗಳಿಂದ: ಎರಡೂ ಗುಂಪಿನಲ್ಲಿ ಸತ್ತವರು, ಬದುಕಿದವರು. ಪ್ರತಿಯೊಂದನ್ನೂ 1ರ ಕೆಳಗೆ ಹಾಕಿ ಕೂಡಿಸಬೇಕು. ಹಾಗಾಗಿ ಸಾವು ಕಡಿಮೆ ಇದ್ದರೆ ಜನ ಎಷ್ಟೇ ಇದ್ದರೂ ವೇರಿಯನ್ಸ್ ದೊಡ್ಡದಾಗಿಯೇ ಉಳಿಯುತ್ತದೆ.

ಇದೇ ಪಟ್ಟಿಯಲ್ಲಿ ನೋಡಿ. ಸ್ಮಿತ್ 1986ರಲ್ಲಿ 400 ಜನ, ಆದರೆ ಸತ್ತವರು ಒಂದು ಕಡೆ 2, ಇನ್ನೊಂದು ಕಡೆ 7. ಅರ್ಧ, ಜೊತೆಗೆ ಏಳನೇ ಒಂದು, ಉಳಿದೆರಡು ತೀರಾ ಚಿಕ್ಕವು. ಒಟ್ಟು 0.65. ಗೋಲ್ಫ್ 1991ರಲ್ಲಿ ಬರೀ 56 ಜನ, ಆದರೆ ಸಾವು 5 ಮತ್ತು 13, ಬದುಕಿದವರು 18 ಮತ್ತು 20. ಒಟ್ಟು 0.38. ಅಂದರೆ 56 ಜನರ ಟ್ರಯಲ್‌ಗೆ 400 ಜನರ ಟ್ರಯಲ್‌ಗಿಂತ ಜಾಸ್ತಿ ವೇಟ್! ಅವನು ಕಳಿಸಿದ ಪ್ಲಾಟಿನಲ್ಲೇ ಗೋಲ್ಫ್ ಮುಂದೆ 6.4%, ಸ್ಮಿತ್ ಮುಂದೆ 4.4% ಅಂತ ಇತ್ತು. ಗೋಲ್ಫ್‌ನ ಚೌಕವೂ ದೊಡ್ಡದಿತ್ತು. "ಚೌಕದ ಗಾತ್ರ ಸ್ಯಾಂಪಲ್ ಸೈಜ್" ಅನ್ನುವ ಕ್ಯಾಪ್ಷನ್ ಸುಳ್ಳು ಅಂತ ಆ ಎರಡು ಸಾಲು ನೋಡಿದ್ದರೇ ಗೊತ್ತಾಗುತ್ತಿತ್ತು.

ಮತ್ತೆ ಆ 93% ಎಲ್ಲಿಂದ ಬಂತು? ಅದು ಎಲ್ಲ ಟ್ರಯಲ್‌ಗಳ ಹಿಂದಿನ ನಿಜವಾದ ಪರಿಣಾಮ ಒಂದೇ ಅಂತ ಹಿಡಿಯುವ ಫಿಕ್ಸೆಡ್ ಎಫೆಕ್ಟ್ ಮಾಡೆಲ್‌ನ ವೇಟ್. ಅದರಲ್ಲಿ ಐಸಿಸ್-4ಗೆ ನಿಜವಾಗಿಯೂ 93.0% ಬರುತ್ತದೆ. ಇಲ್ಲಿ ಇನ್ನೊಂದು ಗೊಂದಲವೂ ಇದೆ. ಒಟ್ಟು 62,607 ಜನರಲ್ಲಿ ಐಸಿಸ್-4ರವರು 92.7%, ಎರಡೂ ಸಂಖ್ಯೆ ಪಕ್ಕಪಕ್ಕ ಬಂದಿವೆ. ಅದನ್ನು ನೋಡಿ ವೇಟ್ ಅಂದರೆ ಸ್ಯಾಂಪಲ್ ಸೈಜೇ ಅಂತ ನಂಬಿಬಿಡೋದು ಸುಲಭ. ಆದರೆ ಅದೇ ಫಿಕ್ಸೆಡ್ ಮಾಡೆಲ್‌ನಲ್ಲಿ ಸ್ಮಿತ್ ನೋಡಿ, ಜನ 0.64%, ವೇಟ್ 0.14%.

ಅವನು ಹಾಕಿದ್ದ ಪ್ಲಾಟ್ ರ‍್ಯಾಂಡಮ್ ಎಫೆಕ್ಟ್ಸ್‌ನದು, ಡೆರ್‌ಸಿಮೋನಿಯನ್-ಲೇರ್ಡ್ ವಿಧಾನ. ಅದರಲ್ಲಿ ಟ್ರಯಲ್‌ಗಳ ನಡುವಿನ ವ್ಯತ್ಯಾಸ, ಅಂದರೆ ಟೌ ಸ್ಕ್ವೇರ್, ಪ್ರತಿ ಟ್ರಯಲ್‌ನ ವೇರಿಯನ್ಸ್‌ಗೂ ಸೇರುತ್ತದೆ. ಇಲ್ಲಿ ಅದು 0.224. ಐಸಿಸ್-4ರ ವೇರಿಯನ್ಸ್ ಬರೀ 0.001, ಸೇರಿಸಿದ ಮೇಲೆ 0.225. ಲಿಮಿಟ್-2ರದ್ದು 0.021, ಸೇರಿಸಿದ ಮೇಲೆ 0.245. ಇಪ್ಪತ್ತು ಪಟ್ಟು ಇದ್ದ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಅದಕ್ಕೇ ಐಸಿಸ್-4ಗೆ 17.1%, ಲಿಮಿಟ್-2ಗೆ 15.7%. ಉಳಿದ 67% ಪಾಲು ಚಿಕ್ಕ ಟ್ರಯಲ್‌ಗಳಿಗೆ ಹೋಯಿತು, ವಜ್ರ ಎಡಕ್ಕೆ ಹೋಯಿತು. ಫಿಕ್ಸೆಡ್‌ನಲ್ಲಿ ಒಟ್ಟು ಆಡ್ಸ್ ರೇಶಿಯೋ 1.01, ರ‍್ಯಾಂಡಮ್‌ನಲ್ಲಿ 0.48. ಒಂದರ ವೇಟ್ ತೆಗೆದು ಇನ್ನೊಂದರ ಫಲಿತಾಂಶದ ಪಕ್ಕ ಇಟ್ಟು "ಗಟ್ಟಿಯಾದದ್ದು" ಅಂತ ಬರೆದುಕೊಟ್ಟಿದ್ದಾನೆ. ಇದು ಅಕ್ಷರದೋಷ ಅಲ್ಲ. 58,050 ಜನರ ಟ್ರಯಲ್ ಈ ಲಾಭವನ್ನು ಒಪ್ಪುತ್ತದೆ ಅಂತ ಹೇಳಿದ ಹಾಗಾಯಿತು, ಆ ಟ್ರಯಲ್ ಹೇಳಿದ್ದು ಅದಕ್ಕೆ ಉಲ್ಟಾ.

ಬೆಳಿಗ್ಗೆ ಫೋನ್ ಮಾಡಿದೆ. ಮೊದಲ ಉತ್ತರ: "ಮೇಡಂ, ಅದು ಸಾಫ್ಟ್‌ವೇರ್ ಕೊಟ್ಟಿದ್ದು, ನಾವೇನು ಕೈಯಲ್ಲಿ ಬರೆದಿದ್ದಲ್ಲ." ಕ್ಯಾಪ್ಷನ್ ಸಾಫ್ಟ್‌ವೇರ್ ಬರೆಯುತ್ತದಾ ಸರ್ ಅಂತ ಕೇಳಿದೆ. "ಕ್ಯಾಪ್ಷನ್ ನಮ್ಮ ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಮೇಡಂ, ಎಲ್ಲರಿಗೂ ಅದೇ ಕೊಡ್ತೀವಿ, ಇವತ್ತಿನವರೆಗೂ ಯಾರೂ ಕೇಳಿಲ್ಲ." ಯಾರೂ ಕೇಳಿಲ್ಲವಂತೆ! ಗೋಲ್ಫ್, ಸ್ಮಿತ್ ಎರಡೂ ಸಾಲು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ವೇಟ್ ಅಂದ್ರೆ ಸ್ಯಾಂಪಲ್ ಸೈಜೇ ಮೇಡಂ, ನೀವು ಕನ್ಫ್ಯೂಸ್ ಮಾಡ್ಕೋತಿದೀರ. ಕರೆಕ್ಷನ್ ಬೇಕಂದ್ರೆ 1,500 ಆಗುತ್ತೆ." ನನ್ನ ದುಡ್ಡು ತಗೊಂಡು, ತಪ್ಪು ಬರೆದು, ನನಗೇ ಕನ್ಫ್ಯೂಷನ್ ಅಂತ ಹೇಳಿ, ಅದನ್ನು ಸರಿ ಮಾಡೋಕೆ ಮತ್ತೆ ದುಡ್ಡು.

ಜಗಳ ಮಾಡಿದ ಮೇಲೆ ದುಡ್ಡಿಲ್ಲದೆ ಇನ್ನೊಂದು ಫೈಲ್ ಕಳಿಸಿದ. ಕ್ಯಾಪ್ಷನ್‌ನಲ್ಲಿ "ಫಿಕ್ಸೆಡ್ ಎಫೆಕ್ಟ್ ಮಾಡೆಲ್" ಅಂತ ಸೇರಿಸಿದ್ದ, ಅಷ್ಟೇ. ಪ್ಲಾಟ್ ಅದೇ, 17.1% ಅದೇ, 0.48 ಅದೇ. ಅಂದರೆ ಈಗ ಮಾಡೆಲ್‌ನ ಹೆಸರೂ ತಪ್ಪು. ಮತ್ತೆ ಹೇಳಿದೆ. ಮೂರನೇ ಫೈಲ್‌ನಲ್ಲಿ ಚೌಕಗಳನ್ನೇ ಸ್ಯಾಂಪಲ್ ಸೈಜಿಗೆ ತಕ್ಕ ಹಾಗೆ ಮಾಡಿ ಕಳಿಸಿದ. ಐಸಿಸ್-4 ಒಂದು ದೊಡ್ಡ ಕಪ್ಪು ಡಬ್ಬ, ಉಳಿದವು ಸೊಳ್ಳೆಯಷ್ಟು, ಪಕ್ಕದ ವೇಟ್ ಕಾಲಂಗೂ ಚೌಕಕ್ಕೂ ಸಂಬಂಧವೇ ಇಲ್ಲ. ಕ್ಯಾಪ್ಷನ್ ಉಳಿಸಿಕೊಳ್ಳೋಕೆ ಚಿತ್ರವನ್ನೇ ಕೆಡಿಸಿದ್ದ. ರೀಫಂಡ್ ಕೇಳಿದ ಮೇಲೆ ಮೆಸೇಜ್ ನೋಡುತ್ತಾನೆ, ಉತ್ತರ ಕೊಡುವುದಿಲ್ಲ.

ಕೊನೆಗೆ ನಾನೇ ಮಾಡಿದೆ. ಡೇಟಾ ಆರ್‌ನ metafor ಪ್ಯಾಕೇಜ್ ಹಾಕಿದರೆ ಜೊತೆಗೇ ಸಿಗುತ್ತದೆ. ಇಷ್ಟೇ ಕೆಲಸ:

```
library(metafor)
dat <- escalc(measure="OR", ai=ai, n1i=n1i,
              ci=ci, n2i=n2i, data=dat.egger2001)
fe <- rma(yi, vi, data=dat, method="FE")
re <- rma(yi, vi, data=dat, method="DL")
round(weights(fe), 1)
round(weights(re), 1)
forest(re, showweights=TRUE, atransf=exp)
```

ಕೊನೆಯ ಸಾಲಿನ ಟ್ರಯಲ್ ಐಸಿಸ್-4. `fe`ನಲ್ಲಿ 93.0, `re`ನಲ್ಲಿ 17.1, ಪಕ್ಕಪಕ್ಕ ಕಾಣುತ್ತದೆ. `method` ಬರೆಯದೆ ಬಿಟ್ಟರೆ ಅದು ಬೇರೆ ವಿಧಾನ ಹಿಡಿಯುತ್ತದೆ, ಟೌ ಸ್ಕ್ವೇರ್ ಬದಲಾಗುತ್ತದೆ, ವೇಟ್‌ಗಳೂ ಬದಲಾಗುತ್ತವೆ. ಹಾಗಾಗಿ ಯಾವ ವಿಧಾನ ಅಂತ ಕ್ಯಾಪ್ಷನ್‌ನಲ್ಲಿ ಇರಲೇಬೇಕು. ಇನ್ನೊಂದು, ಈ ಪ್ಯಾಕೇಜ್ ಚೌಕಗಳನ್ನು ಒಂದು ಕನಿಷ್ಠ, ಒಂದು ಗರಿಷ್ಠ ಗಾತ್ರದ ನಡುವೆ ಹೊಂದಿಸುತ್ತದೆ. ಹಾಗಾಗಿ ಚೌಕದ ಗಾತ್ರ ವೇಟ್‌ಗೆ ಸರಿಯಾಗಿ ಅನುಪಾತದಲ್ಲಿದೆ ಅಂತಲೂ ಬರೆಯಬೇಡಿ, ವೇಟ್ ಜಾಸ್ತಿ ಇದ್ದರೆ ಚೌಕ ದೊಡ್ಡದು ಅಂದರೆ ಸಾಕು.

ನನ್ನ ಈಗಿನ ಕ್ಯಾಪ್ಷನ್‌ನ ಸಾರ ಇದು: ರ‍್ಯಾಂಡಮ್ ಎಫೆಕ್ಟ್ಸ್, ಡೆರ್‌ಸಿಮೋನಿಯನ್-ಲೇರ್ಡ್. ದೊಡ್ಡ ಚೌಕ ಅಂದರೆ ಈ ಮಾಡೆಲ್‌ನಲ್ಲಿ ಹೆಚ್ಚು ವೇಟ್. ಅಡ್ಡಗೆರೆ 95% ಕಾನ್ಫಿಡೆನ್ಸ್ ಇಂಟರ್ವಲ್, ವಜ್ರ ಒಟ್ಟು ಅಂದಾಜು. ಪ್ಯಾರಾದಲ್ಲಿ ಹೀಗೆ ಬರೆದೆ: ಐಸಿಸ್-4ರಲ್ಲಿ ಒಟ್ಟು ಜನರ 92.7% ಇದ್ದರೂ ಈ ಮಾಡೆಲ್‌ನಲ್ಲಿ ಅದರ ವೇಟ್ 17.1% ಮಾತ್ರ, ಒಟ್ಟು ಆಡ್ಸ್ ರೇಶಿಯೋ 0.48 (0.33 ರಿಂದ 0.71), ಫಿಕ್ಸೆಡ್ ಎಫೆಕ್ಟ್‌ನಲ್ಲಿ ವೇಟ್ 93.0%, ಒಟ್ಟು 1.01 (0.96 ರಿಂದ 1.08). ಎರಡೂ ಹೇಳಿದೆ, ಯಾಕೆ ಬೇರೆ ಬಂತು ಅಂತಲೂ ಹೇಳಿದೆ. ಮೇಡಂ ಓದಿ ತಲೆಯಾಡಿಸಿದರು.

ಹೊರಗಡೆ ಮಾಡಿಸಲೇಬೇಕು ಅಂದರೆ ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ಕೋಡ್ ಕೊಡಲು ಒಪ್ಪದವರಿಗೆ ಒಂದು ಪೈಸೆಯೂ ಕೊಡಬೇಡಿ. ಫೈಲ್ ಬಂದ ತಕ್ಷಣ ಅತಿ ಜಾಸ್ತಿ ವೇಟ್ ಇರುವ ಚೌಕ ಎಲ್ಲಿದೆ, ವಜ್ರ ಎಲ್ಲಿದೆ ನೋಡಿ. ಪ್ಯಾರಾದಲ್ಲಿರುವ ಪ್ರತಿ ಪರ್ಸೆಂಟನ್ನೂ ಕಾಲಂನಲ್ಲಿ ಹುಡುಕಿ. ಸಿಗಲಿಲ್ಲವಾ, ಆಗಲೇ ವಾಪಸ್ ಕಳಿಸಿ.

ಮೊನ್ನೆ ನಮ್ಮ ಜೂನಿಯರ್ ಹುಡುಗಿ ಒಬ್ಬಳು ತನ್ನ ಪ್ಲಾಟ್ ತೋರಿಸೋಕೆ ಬಂದಳು. "ಅಕ್ಕಾ, ಒಂದ್ಸಲ ನೋಡಿ" ಅಂದಳು. ವಿಷಯ ಬೇರೆ, ಟ್ರಯಲ್‌ಗಳು ಬೇರೆ. ಕೆಳಗೆ ಅದೇ ಸಾಲು, ಒಂದಕ್ಷರ ಬದಲಾಗಿಲ್ಲ: ಪ್ರತಿ ಚೌಕದ ಗಾತ್ರ ಆ ಅಧ್ಯಯನದ ಸ್ಯಾಂಪಲ್ ಸೈಜ್ ತೋರಿಸುತ್ತದೆ. ಎಷ್ಟು ಕೊಟ್ಟೆ ಅಂತ ಕೇಳಿದೆ. 8,000 ಅಂದಳು.