65 ವ್ಯಾಟ್ ಹೌದು, ಆದರೆ ಒಂದೇ ಪೋರ್ಟಿಗೆ: ಪುಟ್ಟ ಅಡಾಪ್ಟರ್ ಜೊತೆ ಒಂದು ವರ್ಷ

ಲ್ಯಾಪ್‌ಟಾಪ್ ಜೊತೆ ಬಂದ ಚಾರ್ಜರ್ ಇಟ್ಟಿಗೆಯಷ್ಟು ಭಾರ. ಅದರ ಬದಲು ಈ ಎರಡು ಪೋರ್ಟಿನ ಟೈಪ್-ಸಿ ಅಡಾಪ್ಟರ್ ತಗೊಂಡು ವರ್ಷದ ಮೇಲಾಯಿತು. ಅಂಗೈಯಲ್ಲಿ ಮುಚ್ಚಿಡಬಹುದು, ಬ್ಯಾಗಿನ ಚಿಕ್ಕ ಜೇಬಿನಲ್ಲಿ ಕೂರುತ್ತದೆ. ಬೆಳಿಗ್ಗೆ ಕುಳಿತ ತಕ್ಷಣ ಮೇಲಿನ ಪೋರ್ಟಿಗೆ ಲ್ಯಾಪ್‌ಟಾಪ್, ಕೆಳಗಿನದಕ್ಕೆ ಫೋನ್. ಒಂದೇ ಪ್ಲಗ್, ಮೇಜು ಖಾಲಿ. ಈ ಸುಖಕ್ಕೇ ಮೊದಲ ಕೆಲವು ತಿಂಗಳು ಕಂಡವರಿಗೆಲ್ಲ ಇದನ್ನೇ ಹೊಗಳುತ್ತಿದ್ದೆ.

ಆಮೇಲೆ ಒಂದು ವಿಚಿತ್ರ ಕಾಣಿಸಿತು. ಪ್ಲಗ್ ಹಾಕಿಯೇ ಇದೆ, ಆದರೂ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಬ್ಯಾಟರಿ ಇಳಿಯುತ್ತಿದೆ. ಜೊತೆಗೆ ಫೋನ್ ಸಿಕ್ಕಿಸಿದಾಗೆಲ್ಲ ಲ್ಯಾಪ್‌ಟಾಪ್ ಒಂದು ಕ್ಷಣ ಚಾರ್ಜಿಂಗ್ ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ.

ಕಾರಣ ಅಡಾಪ್ಟರಿನ ಹೊಟ್ಟೆಯ ಮೇಲೆ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿದೆ. ಒಂದು ಪೋರ್ಟ್ ಮಾತ್ರ ಬಳಸಿದರೆ 20 ವೋಲ್ಟ್, 3.25 ಆಂಪಿಯರ್, ಅಂದರೆ 65 ವ್ಯಾಟ್. ಎರಡೂ ಬಳಸಿದರೆ 45 ಮತ್ತು 20. ಎರಡನೇ ಸಾಧನ ಬಂದಾಗ ಅಡಾಪ್ಟರ್ ಹಳೆಯ ಒಪ್ಪಂದ ಮುರಿದು, ಲ್ಯಾಪ್‌ಟಾಪಿಗೆ 'ಇನ್ನು ಮುಂದೆ ಇಷ್ಟೇ' ಅಂತ ಹೊಸ ಪಟ್ಟಿ ಕಳಿಸುತ್ತದೆ. ಆ ಒಂದು ಕ್ಷಣದ ಕಡಿತ ಅದೇ. ಡಬ್ಬಿಯ ಮೇಲೆ ಮಾತ್ರ 65 ಅನ್ನುವುದು ಹೆಬ್ಬೆರಳಿನಷ್ಟು ದಪ್ಪ. ನನಗೆ ಸಿಟ್ಟು ಬಂದದ್ದು ಇಲ್ಲೇ.

ಇದರಿಂದ ಬ್ಯಾಟರಿಗೇನು ನಷ್ಟ? ಲೆಕ್ಕ ಹಾಕೋಣ. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಸುಮಾರು 55 ವ್ಯಾಟ್ ಕೇಳುತ್ತದೆ ಅಂದುಕೊಳ್ಳಿ. ಸಿಗುವುದು 45. ಕಡಿಮೆ ಬಿದ್ದ 10 ವ್ಯಾಟನ್ನು ಬ್ಯಾಟರಿ ತುಂಬಿಕೊಡುತ್ತದೆ. ಎರಡು ಗಂಟೆಗೆ 20 ವ್ಯಾಟ್-ಅವರ್ ಹೋಯಿತು. ಬ್ಯಾಟರಿ 50 ವ್ಯಾಟ್-ಅವರಿನದಾದರೆ ಅದು ಶೇ. 40. ಕೆಲಸ ಮುಗಿದ ಮೇಲೆ ಅಷ್ಟೂ ಮತ್ತೆ ತುಂಬಬೇಕು. ದಿನಾ ಹೀಗಾದರೆ ಎರಡೂವರೆ ದಿನಕ್ಕೆ ಒಂದು ಪೂರ್ತಿ ಚಾರ್ಜ್ ಸೈಕಲ್ ಸುಮ್ನೆ ಖರ್ಚು, ಅದೂ ಪ್ಲಗ್ ಹಾಕಿಕೊಂಡೇ! ಸರಿಯಾದ ವ್ಯಾಟೇಜ್ ಇದ್ದಿದ್ದರೆ ಆ ಎರಡು ಗಂಟೆ ಬ್ಯಾಟರಿ ಆರಾಮಾಗಿ ಕೂತಿರುತ್ತಿತ್ತು. ಮೇಲಿಂದ, ಲ್ಯಾಪ್‌ಟಾಪ್ ಬಿಸಿಯಾಗಿರುವ ಹೊತ್ತಲ್ಲೇ ಅದೂ ದುಡಿಯುತ್ತದೆ. ಲಿಥಿಯಂ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು.

ನಿಮ್ಮದೂ ಹೀಗೇ ಆಗುತ್ತಿದೆಯಾ ಅಂತ ನೋಡಲು ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡಿ:

```
powercfg /batteryreport
```

ಒಂದು ಫೈಲ್ ಸಿದ್ಧವಾಗುತ್ತದೆ, ಎಲ್ಲಿದೆ ಅಂತ ಅದೇ ಹೇಳುತ್ತದೆ. ಅದರಲ್ಲಿ `Recent usage` ಪಟ್ಟಿ ನೋಡಿ. `AC` ಅಂತ ಇರುವ ಸಾಲುಗಳಲ್ಲೂ ಉಳಿದ ಚಾರ್ಜ್ ಇಳಿಯುತ್ತಾ ಹೋಗಿದ್ದರೆ ಅಡಾಪ್ಟರ್ ಸಾಲುತ್ತಿಲ್ಲ ಅಂತಲೇ ಅರ್ಥ. `DESIGN CAPACITY`ಗೂ `FULL CHARGE CAPACITY`ಗೂ ಇರುವ ಅಂತರ ಬ್ಯಾಟರಿ ಈವರೆಗೆ ಎಷ್ಟು ಸವೆದಿದೆ ಅಂತ ತೋರಿಸುತ್ತದೆ.

ಫೋನಿನ ವಿಷಯ ಬೇರೆ. ಅಲ್ಲಿ ಜಾಸ್ತಿ ವ್ಯಾಟಿಗೆ ಹೆದರುವವರೇ ಹೆಚ್ಚು. ಆ ಹೆದರಿಕೆ ಬೇಡ. ಅಡಾಪ್ಟರ್ ಏನೇನು ಕೊಡಬಲ್ಲೆ ಅಂತ ಹೇಳುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳುವುದು ಫೋನ್. 25 ವ್ಯಾಟಿನ ಫೋನಿಗೆ 100 ವ್ಯಾಟಿನ ಒಳ್ಳೆಯ ಚಾರ್ಜರ್ ಹಾಕಿದರೂ ಅದು ತನಗೆ ಬೇಕಾದಷ್ಟೇ ಎಳೆಯುತ್ತದೆ. ನೋಡಬೇಕಾದ್ದು ಪಿಪಿಎಸ್ ಇದೆಯಾ ಅಂತ. ಅದಿದ್ದರೆ ಫೋನ್ ಕೇಳಿದ ಹಾಗೆ ಅಡಾಪ್ಟರ್ ವೋಲ್ಟೇಜನ್ನು ಚೂರುಚೂರೇ ಏರಿಸಿ ಇಳಿಸಿ ಕೊಡುತ್ತದೆ. ಇಲ್ಲದಿದ್ದರೆ 9 ವೋಲ್ಟಿನಂಥ ನಿಗದಿತ ವೋಲ್ಟೇಜೇ ಗತಿ. ಅದನ್ನು ಬ್ಯಾಟರಿಯ ಮಟ್ಟಕ್ಕೆ ಇಳಿಸುವ ಕೆಲಸ ಫೋನಿನೊಳಗೇ ಆಗಿ, ಶಾಖವೂ ಅಲ್ಲೇ ಹುಟ್ಟುತ್ತದೆ. ನನ್ನ ಅಡಾಪ್ಟರಿನಲ್ಲಿ ಪಿಪಿಎಸ್ ಇಲ್ಲ. ಫೋನಿನ ಸ್ವಂತ ಚಾರ್ಜರಿಗಿಂತ ಇದರಲ್ಲಿ ನಿಧಾನ, ಬೆನ್ನು ಮಾತ್ರ ಬೆಚ್ಚಗೆ.

ಹಾಗಂತ ಎಸೆದಿಲ್ಲ. ಒಂಟಿ ಪೋರ್ಟಿನಲ್ಲಿ ಇದು ಹೇಳಿದ 65 ವ್ಯಾಟನ್ನು ಪ್ರಾಮಾಣಿಕವಾಗಿ ಕೊಡುತ್ತದೆ. ವ್ಯಾಟ್ ತೋರಿಸುವ ಪುಟ್ಟ ಪರದೆಯ ಕೇಬಲ್ ಹಾಕಿ ನೋಡಿದ್ದೇನೆ. ಕೇಬಲ್ ಮಾತ್ರ 5 ಆಂಪಿಯರಿನದೇ ಇರಲಿ, 3 ಆಂಪಿಯರಿನದಾದರೆ 60 ವ್ಯಾಟಿಗೇ ನಿಲ್ಲುತ್ತದೆ. ಈಗ ಲ್ಯಾಪ್‌ಟಾಪಿಗೆ ಇದು, ಫೋನಿಗೆ ಅದರದೇ ಚಾರ್ಜರ್. ಎರಡನೇ ಪೋರ್ಟಿಗೆ ಕೆಲಸ ಸಿಗುವುದು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ಇಯರ್‌ಬಡ್ಸ್ ಡಬ್ಬಿಗೆ. ಐದಕ್ಕೆ ಮೂರು ಸ್ಟಾರ್. ಎರಡನ್ನೂ ಒಟ್ಟಿಗೆ ಚಾರ್ಜ್ ಮಾಡುವ ಅಭ್ಯಾಸ ನಿಮಗಿದ್ದರೆ, ಎರಡೂ ಪೋರ್ಟ್ ಬಳಸಿದಾಗಲೂ ಮೊದಲನೆಯದಕ್ಕೆ 65 ಉಳಿಯುವ 100 ವ್ಯಾಟಿನದನ್ನೇ ಹುಡುಕಿ ತಗೊಳ್ಳಿ.