ಕೆಳಗಿನ ಒಂದು ಎಕರೆ ಸವಳು: ತೆರೆದ ಬಸಿಗಾಲುವೆಯೋ, ನೆಲದೊಳಗಿನ ಕೊಳವೆಯೋ? ಸಾಲದ ಯೋಜನಾ ವರದಿಯ ಲೆಕ್ಕ

ಲೆಕ್ಕಕ್ಕೆ ಹಿಡಿದಿರುವುದು ಹರಿಹರ–ಮಲೇಬೆನ್ನೂರು ಕಡೆಯ ಎರೆ ಮಣ್ಣಿನ ಎರಡೂವರೆ ಎಕರೆ ಭತ್ತದ ಗದ್ದೆ. ನೂರು ಮೀಟರ್ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ. ಪಶ್ಚಿಮದ ಅಂಚಿಗೆ ಭದ್ರಾ ನಾಲೆಯ ಕಿರುಗಾಲುವೆ ಇದೆ, ಪೂರ್ವದ ಅಂಚಿಗೆ ಹಳ್ಳ. ಹಳ್ಳದ ಬದಿಯ ನಲವತ್ತು ಮೀಟರ್ ಪಟ್ಟಿ, ಅಂದರೆ ಸುಮಾರು ಒಂದು ಎಕರೆ, ಸವಳು-ಜವಳು ಹಿಡಿದಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪೊರೆ ಕಾಣುತ್ತದೆ, ನಾಟಿಯಾದ ಮೇಲೆ ಪೈರಿನ ಗರಿ ತುದಿಯಿಂದ ಸುಡುತ್ತದೆ. ಸಾಲ ಕೇಳುವುದು ಈ ಪಟ್ಟಿಯನ್ನು ಸಮ ಮಾಡಿ ನೀರು ಬಸಿಯಲು.

ಇಂಥ ಜಮೀನುಗಳಲ್ಲಿ ಮೂರು ಬಗೆಯ ಕೆಲಸವನ್ನೂ ಮಾಡಿಸಿ ನೋಡಿದ್ದೇವೆ. ಒಂದು, ಒಂದು ಮೀಟರ್ ಆಳದ ಎರಡು ತೆರೆದ ಬಸಿಗಾಲುವೆ. ಎರಡು, ಇಪ್ಪತ್ತು ಮೀಟರ್ ಅಂತರದಲ್ಲಿ ನೆಲದೊಳಗೆ ಎರಡು ಸಾಲು ರಂಧ್ರದ ಕೊಳವೆ. ಮೂರು, ಸವಳು ಪಟ್ಟಿಯ ಮೇಲಂಚಿನಲ್ಲಿ ಅಡ್ಡಲಾಗಿ ಒಂದೇ ಸಾಲು ಕೊಳವೆ. ಯಾವುದು ಸರಿ ಎನ್ನುವುದು ಕೊಟೇಶನ್ನಿನಿಂದ ತೀರ್ಮಾನವಾಗುವುದಿಲ್ಲ. ಮಣ್ಣಿನ ವರದಿ ಮತ್ತು ನೆಲದ ನೀರಿನ ಅಳತೆ ಮೊದಲು ಬರಬೇಕು, ವರದಿಯಲ್ಲೂ ಅವು ಖರ್ಚಿನ ಪುಟಕ್ಕಿಂತ ಮುಂಚೆ ಇರಬೇಕು.

ಮಣ್ಣು ಹೇಳಿದ್ದು

ಮೇಲಿನ ಒಂದೂವರೆ ಎಕರೆಯಲ್ಲಿ ಪಿಎಚ್ 8.1, ಲವಣಾಂಶ 1.2 ಡೆಸಿಸೀಮನ್ಸ್. ಅಲ್ಲಿ ಕೈ ಹಾಕುವ ಅಗತ್ಯವಿಲ್ಲ. ಕೆಳಗಿನ ಎಕರೆಯಲ್ಲಿ ಪಿಎಚ್ 8.8, ಲವಣಾಂಶ 5.5, ವಿನಿಮಯ ಸೋಡಿಯಂ ಶೇ 18. ಲವಣಾಂಶ 4 ದಾಟಿದ್ದರೆ ಉಪ್ಪಿನ ಮಣ್ಣು, ಸೋಡಿಯಂ ಶೇ 15 ದಾಟಿದ್ದರೆ ಕ್ಷಾರದ ಮಣ್ಣು. ಇಲ್ಲಿ ಎರಡೂ ಇವೆ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಮಣ್ಣು ಆರೋಗ್ಯ ಚೀಟಿಯಲ್ಲಿ ಬರುವ ಲವಣಾಂಶ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಸೇರಿಸಿ ಅಳೆದದ್ದು. ನೀರು ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. 5.5 ಎಂದು ಬರಬೇಕಾದ ಮಣ್ಣು ಅಲ್ಲಿ ಒಂದೂವರೆಯ ಆಸುಪಾಸಿನಲ್ಲಿ ಕಂಡು, 'ತೊಂದರೆಯಿಲ್ಲ' ಎಂಬ ಷರಾ ಪಡೆದುಬಿಡಬಹುದು. ಮಣ್ಣನ್ನು ನೀರಿನಲ್ಲಿ ಹದವಾಗಿ ಕಲಸಿ, ಆ ಕೆಸರಿನಿಂದ ಹಿಂಡಿದ ನೀರಿನ ಲವಣಾಂಶವನ್ನೂ ವಿನಿಮಯ ಸೋಡಿಯಮ್ಮನ್ನೂ ಪ್ರಯೋಗಾಲಯದಲ್ಲಿ ಬೇರೆಯಾಗಿ ಕೇಳಿ ಮಾಡಿಸಬೇಕು. ಮಾದರಿಯನ್ನು 0–15, 15–30, 30–60, 60–90 ಸೆಂ.ಮೀ. ಆಳದಿಂದ ಬೇರೆ ಬೇರೆ ಚೀಲದಲ್ಲಿ ತೆಗೆಯಬೇಕು. ಮೇಲ್ಮಣ್ಣಿನ ಒಂದೇ ಚೀಲದಿಂದ ಬಸಿಗಾಲುವೆಯ ಆಳ ಹೇಳಲು ಬರುವುದಿಲ್ಲ.

ಈ ಅಂಕಿಗಳಿಂದಲೇ ಆದಾಯದ ಲೆಕ್ಕವೂ ಹುಟ್ಟುತ್ತದೆ. ಭತ್ತ 3 ಡೆಸಿಸೀಮನ್ಸ್‌ವರೆಗೆ ತಡೆಯುತ್ತದೆ, ಆಮೇಲೆ ಒಂದೊಂದು ಏರಿಕೆಗೆ ಸುಮಾರು ಶೇ 12ರಷ್ಟು ಇಳುವರಿ ಬೀಳುತ್ತದೆ ಎನ್ನುವುದು ಎಲ್ಲೆಡೆ ಬಳಸುವ ಲೆಕ್ಕ. 5.5ಕ್ಕೆ ಶೇ 30 ನಷ್ಟ. ಮೇಲಿನ ಮಣ್ಣಿನಲ್ಲಿ ಎಕರೆಗೆ 22 ಕ್ವಿಂಟಲ್ ಬರುತ್ತಿದ್ದರೆ ಕೆಳಗೆ 15.4. ಹಾಗಾಗಿ ಪೂರ್ತಿ ಸರಿಹೋದರೂ ಬೆಳೆಗೆ ಸಿಗುವ ಹೆಚ್ಚಳ 6.6 ಕ್ವಿಂಟಲ್ ಮಾತ್ರ. 2025–26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,369 ರೂಪಾಯಿಗೆ ಅದು ಸುಮಾರು 15,600 ರೂಪಾಯಿ. ಇದಕ್ಕಿಂತ ಹೆಚ್ಚು ತೋರಿಸಿದ ವರದಿಯನ್ನು ಬ್ಯಾಂಕಿನ ಕೃಷಿ ಅಧಿಕಾರಿ ನಂಬುವುದಿಲ್ಲ, ನಂಬಬಾರದು ಕೂಡ. ನಾಲೆಯ ಕೊನೆ ಭಾಗದ ಜಮೀನಿಗೆ ಬೇಸಿಗೆ ಬೆಳೆಯ ನೀರು ಖಾತ್ರಿಯಲ್ಲ. ಆದ್ದರಿಂದ ಮರುಪಾವತಿಯ ಲೆಕ್ಕಕ್ಕೆ ಮಳೆಗಾಲದ ಬೆಳೆಯೊಂದನ್ನೇ ಹಿಡಿದಿದ್ದೇವೆ.

ಸೋಡಿಯಂ ಶೇ 18ರಿಂದ ಶೇ 10ಕ್ಕೆ ಇಳಿಯಬೇಕಾದರೆ ಮೇಲಿನ 15 ಸೆಂ.ಮೀ. ಎರೆ ಮಣ್ಣಿಗೆ ಎಕರೆಗೆ ಸುಮಾರು 2.2 ಟನ್ ಶುದ್ಧ ಜಿಪ್ಸಂ ಬೇಕು. ಶೇ 75 ಶುದ್ಧತೆಯ ಮಾಲಾದರೆ 2.9 ಟನ್. ಮೂರೂ ಬಗೆಗೆ ಈ ಖರ್ಚು ಒಂದೇ. ಇದನ್ನು ಬಿಟ್ಟು ಬರೀ ಕೊಳವೆ ಹಾಕಿದರೆ ಸೋಡಿಯಂ ತುಂಬಿದ ಜೇಡಿ ಉಬ್ಬಿ ಮಣ್ಣಿನ ರಂಧ್ರ ಮುಚ್ಚಿಕೊಳ್ಳುತ್ತದೆ, ನೀರು ಕೊಳವೆಯವರೆಗೆ ಇಳಿಯುವುದೇ ಇಲ್ಲ. ಕೊಳವೆ ಸೋತಿತು ಎಂದು ದೂರುವ ಎಷ್ಟೋ ಕಡೆ ಅಗೆದು ನೋಡಿದರೆ ಕೊಳವೆ ಒಣಗಿರುತ್ತದೆ, ಮೇಲೆ ಕೆಸರು ನಿಂತಿರುತ್ತದೆ.

ಎರಡು ತೆರೆದ ಬಸಿಗಾಲುವೆ

ಎರೆ ಮಣ್ಣಿನ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ. ಒಂದು ಮೀಟರ್ ಆಳಕ್ಕೆ ಇಕ್ಕೆಲಗಳಲ್ಲೂ ಒಂದೊಂದು ಮೀಟರ್ ಇಳಿಜಾರು ಬೇಕು. ತಳ 30 ಸೆಂ.ಮೀ. ಇಟ್ಟರೆ ಬಾಯಿ 2.3 ಮೀಟರ್ ಆಗುತ್ತದೆ. ಅಗೆದ ಮಣ್ಣಿನ ದಿಣ್ಣೆಗೆ ಇನ್ನೊಂದು ಮೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್, ಹಾಗಾದರೆ ನೂರು ಮೀಟರ್ ಉದ್ದದ ಒಂದು ಕಾಲುವೆ ಸುಮಾರು 3.3 ಗುಂಟೆ ತಿನ್ನುತ್ತದೆ. ಎರಡಕ್ಕೆ 6.6 ಗುಂಟೆ, ಅಂದರೆ ನಲವತ್ತರಲ್ಲಿ ಆರನೇ ಒಂದು ಪಾಲು.

ಖರ್ಚು ಕಡಿಮೆಯೇ. ಜೆಸಿಬಿ ಗಂಟೆಗೆ 1,200 ಎಂದು ಹಿಡಿದು 16 ಗಂಟೆ, ದಾಟುವ ಕಡೆ ಎರಡು ಮೋರಿ, ಜಿಪ್ಸಂ, ಸಮತಟ್ಟು, ಎಲ್ಲ ಸೇರಿ ಸುಮಾರು 46,000. ಆದರೆ ಸರಿಹೋಗುವುದು 33.4 ಗುಂಟೆ ಮಾತ್ರ. ಅಲ್ಲಿ 22 ಕ್ವಿಂಟಲ್ ದರದಲ್ಲಿ 18.4 ಬಂದರೆ ಈಗಿನ 15.4ಕ್ಕಿಂತ ಮೂರು ಕ್ವಿಂಟಲ್ ಹೆಚ್ಚು, ಅಂದರೆ 7,000 ರೂಪಾಯಿ. ವರ್ಷಕ್ಕೊಮ್ಮೆ ಹೂಳು ಮತ್ತು ಜೊಂಡು ತೆಗೆಸಲು ಮೂರು ಗಂಟೆ ಜೆಸಿಬಿ ಕಳೆದರೆ ಉಳಿಯುವುದು 3,400. ಶೇ 10ರ ಬಡ್ಡಿಯೇ 4,600 ಆಗುವಾಗ ಅಸಲು ಎಲ್ಲಿಂದ ಬರಬೇಕು? ಹೂಳು ತೆಗೆಸುವ ಖರ್ಚನ್ನು ವರದಿಯಲ್ಲಿ ಬರೆಯದೆ ಬಿಡುವುದರಿಂದ ಈ ಬಗೆ ಕಾಗದದ ಮೇಲೆ ಅಗ್ಗವಾಗಿ ಕಾಣುತ್ತದೆ.

ಎರಡು ಸಾಲು ಕೊಳವೆ

80 ಮಿ.ಮೀ. ಸುರುಳಿ ಮೈಯ ರಂಧ್ರದ ಪಿವಿಸಿ ಕೊಳವೆ, ಅದರ ಮೇಲೆ ಸೋಸುವ ಬಟ್ಟೆಯ ಹೊದಿಕೆ, ಆಳ 1ರಿಂದ 1.2 ಮೀಟರ್. ಎರಡು ಸಾಲು 200 ಮೀಟರ್, ಅವನ್ನು ಹಳ್ಳಕ್ಕೆ ಒಯ್ಯುವ ಕೂಡುಕೊಳವೆ 40 ಮೀಟರ್. ಜಾಗ ಒಂದು ಗುಂಟೆಯೂ ಹೋಗುವುದಿಲ್ಲ. ಬಟ್ಟೆ ಸಮೇತ ಮೀಟರಿಗೆ 160 ಎಂದು ಹಿಡಿದರೆ ಕೊಳವೆಗೆ 38,400, ತೋಡುವುದಕ್ಕೆ 14,400, ಬಾಯಿ ಮತ್ತು ತೊಟ್ಟಿಗೆ 8,000, ಜಿಪ್ಸಂ 11,600, ಸಮತಟ್ಟು 7,500. ಒಟ್ಟು ಸುಮಾರು 80,000. ಏಳು ವರ್ಷದ ಕಂತು ವರ್ಷಕ್ಕೆ 16,400 ಬೀಳುತ್ತದೆ, ಹೆಚ್ಚುವರಿ ಆದಾಯ 15,600. ಬೇಸಿಗೆ ನೀರು ನಂಬುವ ಹಾಗಿದ್ದರೆ ಮಾತ್ರ ಇದು ಕೂಡುತ್ತದೆ.

ಕೊಳವೆಯ ಕೆಲಸ ಕೆಡುವುದು ಮಟ್ಟದಲ್ಲಿ. ನೂರು ಮೀಟರಿಗೆ 20 ಸೆಂ.ಮೀ. ಇಳಿಜಾರು ಎಂದರೆ ಹತ್ತು ಮೀಟರಿಗೆ ಎರಡೇ ಸೆಂ.ಮೀ. ಜೆಸಿಬಿ ಚಾಲಕನ ಕಣ್ಣಳತೆಗೆ ಅದು ಸಿಗದು. ಹತ್ತು ಮೀಟರಿಗೊಂದು ಗೂಟ ಹೊಡೆದು, ಮಟ್ಟದ ಯಂತ್ರದಲ್ಲಿ ಗುರುತು ಹಾಕಿ, ದಾರ ಕಟ್ಟಿ, ಕೊನೆಯ ಐದು ಸೆಂ.ಮೀ. ಕೈಯಿಂದ ತೆಗೆಸಬೇಕು. ನಡುವೆ ಒಂದು ಕಡೆ ಕುಸಿದರೂ ಅಲ್ಲಿ ಹೂಳು ಕೂತು ಮೇಲಿನ ಭಾಗವೆಲ್ಲ ಸತ್ತಂತೆ. ಹಳ್ಳದೊಳಗೆ ಚಾಚುವ ಕೊನೆಯ ಮೂರು ಮೀಟರ್ ರಂಧ್ರವಿಲ್ಲದ ಗಟ್ಟಿ ಪೈಪ್ ಆಗಿರಲಿ, ಬಾಯಿಗೆ ಜಾಲರಿ ಇರಲಿ; ಇಲ್ಲವಾದರೆ ಏಡಿ, ಇಲಿ ಒಳಹೊಕ್ಕು ಗೂಡು ಮಾಡುತ್ತವೆ. ತೋಡಿದ ಮಣ್ಣನ್ನು ಪದರ ಪದರವಾಗಿ ತುಳಿದು ಮುಚ್ಚದಿದ್ದರೆ ಮೊದಲ ಬೇಸಿಗೆಯಲ್ಲಿ ಆ ಗೆರೆಯ ಮೇಲೆಯೇ ಬಿರುಕು ಬಿಟ್ಟು ಗದ್ದೆಯ ನೀರೆಲ್ಲ ನೇರ ಕೊಳವೆಗೆ ಬೀಳುತ್ತದೆ. ಭತ್ತಕ್ಕೆ ನೀರು ನಿಲ್ಲಿಸಬೇಕಾದಾಗ ಬಾಯಿಗೆ ಮೇಲ್ಮುಖವಾಗಿ ಬಾಗಿದ ಪೈಪ್ ಸಿಕ್ಕಿಸಿ ಮಟ್ಟ ಕಾಯ್ದುಕೊಳ್ಳಬೇಕು.

ಮೇಲಂಚಿನಲ್ಲಿ ಒಂದೇ ಸಾಲು

ಇದು ಎಲ್ಲ ಕಡೆ ನಡೆಯುವುದಿಲ್ಲ, ನಡೆಯುವ ಕಡೆ ಇದಕ್ಕೆ ಸಾಟಿಯಿಲ್ಲ. ಕೆಳಗಿನ ಜವಳಿಗೆ ಮೂಲ ಕಿರುಗಾಲುವೆಯಿಂದ ನೆಲದೊಳಗೆ ಇಳಿದುಬರುವ ಸೋರುನೀರೇ ಆಗಿದ್ದರೆ, ಅದನ್ನು ಪಟ್ಟಿಯ ಮೇಲಂಚಿನಲ್ಲಿ ತಡೆದು ಹಳ್ಳಕ್ಕೆ ತಿರುಗಿಸಿದರೆ ಸಾಕು. ತಿಳಿಯುವುದು ಹೀಗೆ: ಕಾಲುವೆಯಿಂದ ಹಳ್ಳದವರೆಗೆ ಒಂದೇ ಗೆರೆಯಲ್ಲಿ ನಾಲ್ಕು ಕಡೆ ಒಂದೂವರೆ ಮೀಟರ್ ಆಳದ ರಂಧ್ರ ಕೊರೆದು, ಎರೆ ಮಣ್ಣಾದ್ದರಿಂದ ಒಂದು ದಿನ ಬಿಟ್ಟು, ಒಳಗಿನ ನೀರು ನೆಲದಿಂದ ಎಷ್ಟು ಕೆಳಗಿದೆ ಎಂದು ಅಳೆಯಬೇಕು. ನಾಲೆಯಲ್ಲಿ ನೀರಿರುವಾಗ ಒಮ್ಮೆ, ನಿಲ್ಲಿಸಿ ಹದಿನೈದು ದಿನವಾದ ಮೇಲೆ ಇನ್ನೊಮ್ಮೆ. ಈ ಜಮೀನಿನಲ್ಲಿ ಕೆಳಗಿನ ರಂಧ್ರದ ನೀರು 50 ಸೆಂ.ಮೀ.ನಿಂದ 1.1 ಮೀಟರಿಗೆ ಇಳಿದಿತ್ತು. ಅಂದರೆ ಸೋರುನೀರು. ನಾಲೆ ನಿಂತರೂ ಮಟ್ಟ ಅಲ್ಲೇ ಇದ್ದರೆ, ಅಥವಾ ಹಳ್ಳದ ನೀರೇ ಹಿಂದೊತ್ತುತ್ತಿದ್ದರೆ, ಈ ಒಂದು ಸಾಲು ವ್ಯರ್ಥ.

ಕೊಳವೆ 140 ಮೀಟರಿಗೆ ಇಳಿದು ಒಟ್ಟು ಖರ್ಚು ಸುಮಾರು 58,000 ಆಗುತ್ತದೆ. ಕಂತು ವರ್ಷಕ್ಕೆ 11,900, ಆದಾಯ 15,600. ಮೂರರಲ್ಲಿ ಮಳೆಗಾಲದ ಬೆಳೆಯೊಂದರಿಂದಲೇ ಸಾಲ ತೀರುವುದು ಇದೊಂದರಲ್ಲೇ. ನಮ್ಮ ಆಯ್ಕೆಯೂ ಇದೇ, ರಂಧ್ರದ ಅಳತೆ ಹೀಗಿದ್ದಲ್ಲಿ.

ಸಮತಟ್ಟು ಮತ್ತು ಕೆಲಸದ ಸರದಿ

ಜೆಸಿಬಿ ಹಲಗೆಯಲ್ಲಿ ಎತ್ತರದ ದಿಣ್ಣೆ ಕಡಿದು, ಕೊನೆಯ ಸಮಕ್ಕೆ ಲೇಸರ್ ಯಂತ್ರ ಬಳಸುವುದು ಒಳ್ಳೆಯದು. ಎರೆ ಮಣ್ಣಿನಲ್ಲಿ ಎಲ್ಲಿಯೂ 15 ಸೆಂ.ಮೀ.ಗಿಂತ ಹೆಚ್ಚು ಕಡಿಯಬಾರದು. ಅಡಿಯ ಸುಣ್ಣದ ಹರಳು, ಉಪ್ಪು ಮೇಲೆ ಬಂದರೆ ಆ ತುಂಡಿನಲ್ಲಿ ಎರಡು ಮೂರು ಬೆಳೆ ಏಳುವುದಿಲ್ಲ. ಎತ್ತರದ ವ್ಯತ್ಯಾಸ ಹೆಚ್ಚಿದ್ದರೆ ಒಂದೇ ಮಡಿಯ ಬದಲು ನಡುವೆ ಬದು ಹಾಕಿ ಎರಡು ಮಡಿ ಮಾಡಬೇಕು. ಸಮತಟ್ಟು ಮೊದಲು, ಕೊಳವೆ ಆಮೇಲೆ, ಜಿಪ್ಸಂ ಅದರ ನಂತರ, ಕೊನೆಗೆ ನೀರು ನಿಲ್ಲಿಸಿ ಉಪ್ಪು ತೊಳೆಯುವುದು. ಜಿಪ್ಸಂ ಹಾಕಿದ ಮೇಲೆ ನೆಲ ಕಡಿದರೆ ಅದು ಒಂದು ಮೂಲೆಗೆ ಹೋಗಿ ಸೇರುತ್ತದೆ. ಇದೆಲ್ಲ ಬೇಸಿಗೆ ಕೊಯ್ಲಿನಿಂದ ಮುಂಗಾರಿನ ನೀರು ಬಿಡುವವರೆಗಿನ ಒಣ ವಾರಗಳಲ್ಲೇ ಆಗಬೇಕು. ಹಾಗಾಗಿ ಅರ್ಜಿ ಜನವರಿ–ಫೆಬ್ರುವರಿಯಲ್ಲೇ ಬ್ಯಾಂಕಿನಲ್ಲಿರಬೇಕು.

ವರದಿಯಲ್ಲಿ ಇರಲೇಬೇಕಾದ್ದು

ಪಹಣಿ, ನಕ್ಷೆ, ಕೊಟೇಶನ್ ಎಲ್ಲರೂ ಇಡುತ್ತಾರೆ. ಬಿಟ್ಟುಹೋಗುವುದು ಹಳ್ಳದ ತಳದ ಮಟ್ಟ. ಕೊಳವೆಯ ಬಾಯಿ ಹಳ್ಳದ ಮಾಮೂಲಿ ನೀರಿಗಿಂತ 15–20 ಸೆಂ.ಮೀ. ಮೇಲಿರಬೇಕು, ಆದ್ದರಿಂದ ಹಳ್ಳದ ತಳ ಗದ್ದೆಯ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಕೆಳಗಿರಬೇಕು. ಅಷ್ಟಿಲ್ಲದಿದ್ದರೆ ತೊಟ್ಟಿ ಕಟ್ಟಿ ಮೋಟಾರಿನಿಂದ ಎತ್ತಬೇಕಾಗುತ್ತದೆ, ಆಗ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನಡುವೆ ಬೇರೆಯವರ ಹೊಲವಿದ್ದರೆ ಅವರ ಒಪ್ಪಿಗೆ ಬರಹದಲ್ಲಿರಲಿ.

2025ರ ಜನವರಿಯಿಂದ ಎರಡು ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನವೂ ಸ್ವಂತ ಪಾಲಿನ ಹಣವೂ ಬೇಡ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ, ಈ ಮೂರೂ ಅದರೊಳಗೇ ಬರುತ್ತವೆ. ಉಪ್ಪು ತೊಳೆಯುವ ಮೊದಲ ವರ್ಷ ಹೆಚ್ಚುವರಿ ಆದಾಯ ಶೂನ್ಯ, ಎರಡನೇ ವರ್ಷ ಅರ್ಧ ಎಂದು ಬರೆದು, ಅಸಲಿಗೆ ಒಂದು ವರ್ಷ ಬಿಡುವು ಕೇಳಬೇಕು. ಎರಡನೇ ವರ್ಷದ ಕೊರತೆ ಮೇಲಿನ ಒಂದೂವರೆ ಎಕರೆಯ ಆದಾಯದಿಂದ ತುಂಬುತ್ತದೆ ಎಂದೂ ತೋರಿಸಬೇಕು. ಕಂತಿನ ತಾರೀಖು ಮಳೆಗಾಲದ ಭತ್ತ ಮಾರಿದ ಮೇಲೆ, ಜನವರಿ ಕೊನೆಗೆ ಇರಲಿ. ಹಣವನ್ನು ಎರಡು ಹಂತದಲ್ಲಿ ಕೇಳಿ: ಸಮತಟ್ಟು ಮತ್ತು ಕೊಳವೆಗೆ ಮೊದಲು, ಜಿಪ್ಸಮ್ಮಿಗೆ ಆಮೇಲೆ. ಕೊಳವೆ ಮುಚ್ಚುವ ಮುನ್ನ ತೋಡಿನ ತಳದ ಮಟ್ಟವನ್ನು ಗೂಟಗಳ ಪಕ್ಕ ಅಳತೆಪಟ್ಟಿ ಕಾಣುವಂತೆ ಫೋಟೋ ತೆಗೆದು, ಎರಡನೇ ಹಂತದ ಅರ್ಜಿಗೆ ಲಗತ್ತಿಸಿ. ಮಣ್ಣು ಮುಚ್ಚಿದ ಮೇಲೆ ಬ್ಯಾಂಕಿನವರು ಬಂದು ನೋಡಲು ಏನೂ ಉಳಿದಿರುವುದಿಲ್ಲ.